15 ಲಕ್ಷದ ಪ್ಯಾಕೇಜಿಗೆ 31 ಲಕ್ಷ ಸಾಲವೇ?

ಬೆಂಗಳೂರಿನ ಕಂಪನಿಯೊಂದರಲ್ಲಿ ವರ್ಷಕ್ಕೆ 15 ಲಕ್ಷ ರೂಪಾಯಿ ಸಿಟಿಸಿ ಇರುವ ಒಬ್ಬರು ಗೃಹಸಾಲಕ್ಕೆ ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿ. ಬ್ಯಾಂಕಿನವರು ಆ 15 ಲಕ್ಷವನ್ನು ನೋಡುವುದಿಲ್ಲ. ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ನೋಡುತ್ತಾರೆ. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ವಿಮೆಯ ಕಂತು ಸಿಟಿಸಿಯಲ್ಲಿ ಸೇರಿದ್ದರೂ ಪ್ರತಿ ತಿಂಗಳು ಕೈಗೆ ಬರುವುದಿಲ್ಲ. ಹಾಗಾಗಿ ಅವು ಲೆಕ್ಕದಿಂದ ಹೊರಗೆ. ಪಿಎಫ್, ತೆರಿಗೆ ಎಲ್ಲ ಕಳೆದು ಇವರ ಖಾತೆಗೆ ತಿಂಗಳಿಗೆ ಬೀಳುವುದು 87,000 ರೂಪಾಯಿ.

ಇನ್ನು ವೇರಿಯಬಲ್ ಪೇ. ಆಫರ್ ಲೆಟರ್‌ನಲ್ಲಿ 2 ಲಕ್ಷ ಎಂದಿದ್ದರೂ ಬ್ಯಾಂಕಿಗೆ ಬೇಕಾದದ್ದು ನಿಜವಾಗಿ ಎಷ್ಟು ಬಂದಿದೆ ಎಂಬುದು. ಕಳೆದ ಎರಡು ವರ್ಷ ಬಂದದ್ದರ ಸರಾಸರಿ ತೆಗೆದು, ಅದರಲ್ಲೂ ಅರ್ಧವನ್ನಷ್ಟೇ ಒಪ್ಪುವುದು ಸಾಮಾನ್ಯ ರೂಢಿ. ಇವರಿಗೆ ಒಂದು ವರ್ಷ 1.2 ಲಕ್ಷ, ಮರುವರ್ಷ 1.8 ಲಕ್ಷ ಬಂದಿದೆ. ಸರಾಸರಿಯ ಅರ್ಧವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 6,250 ರೂಪಾಯಿ. ಆರು ತಿಂಗಳ ಹಿಂದಷ್ಟೇ ಕೆಲಸ ಬದಲಿಸಿದವರಿಗೆ ಈ ಮೊತ್ತ ಬಹುತೇಕ ಸೊನ್ನೆ. ಜಾಯ್ನಿಂಗ್ ಬೋನಸ್ ಒಮ್ಮೆ ಬಂದು ಹೋಗುವುದು, ಅದನ್ನು ಎಣಿಸುವುದೇ ಇಲ್ಲ.

ಈಗ ಒಟ್ಟು 93,250 ಆಯಿತು. ಇದರಲ್ಲಿ ಎಲ್ಲ ಸಾಲಗಳ ಕಂತು ಸೇರಿ ಇಷ್ಟು ಪಾಲು ಮೀರಬಾರದು ಎಂದು ಪ್ರತಿ ಬ್ಯಾಂಕಿಗೂ ಒಂದು ಮಿತಿಯಿದೆ. ಇದನ್ನೇ ಎಫ್‌ಒಐಆರ್ ಎನ್ನುವುದು. ಶೇ 50 ಎಂದು ಹಿಡಿದರೆ ಸುಮಾರು 46,600 ರೂಪಾಯಿ. ಶೇ 8.5 ಬಡ್ಡಿ, 20 ವರ್ಷದ ಅವಧಿಗೆ ಒಂದು ಲಕ್ಷಕ್ಕೆ 868 ರೂಪಾಯಿ ಕಂತು ಬೀಳುತ್ತದೆ. ಬೇರೆ ಸಾಲವೇ ಇಲ್ಲದಿದ್ದರೆ ಇವರಿಗೆ 53 ಲಕ್ಷದವರೆಗೆ ಸಿಗಬೇಕಿತ್ತು.

ಆದರೆ ಕಾರಿನ ಇಎಂಐ 14,000 ಇದೆ. ಫ್ರಿಜ್ ಕೊಂಡದ್ದಕ್ಕೆ ತಿಂಗಳಿಗೆ 2,500. ಕ್ರೆಡಿಟ್ ಕಾರ್ಡಿನಲ್ಲಿ 60,000 ಬಾಕಿ ಕಾಣುತ್ತಿದೆ. ಪ್ರತಿ ತಿಂಗಳು ಪೂರ್ತಿ ಕಟ್ಟುವವರಾದರೂ ಬಿಲ್ ಬಂದ ದಿನದ ಮೊತ್ತ ಸಿಬಿಲ್ ವರದಿಯಲ್ಲಿ ಬಾಕಿಯಾಗಿಯೇ ಇರುತ್ತದೆ. ಅದರ ಶೇ 5ರಷ್ಟನ್ನು, ಅಂದರೆ 3,000 ರೂಪಾಯಿಯನ್ನು, ಹಲವು ಬ್ಯಾಂಕುಗಳು ತಿಂಗಳ ಕಂತು ಎಂದೇ ಹಿಡಿಯುತ್ತವೆ. ಇದೆಲ್ಲ ಕಳೆದರೆ ಹೊಸ ಸಾಲಕ್ಕೆ ಉಳಿಯುವುದು 27,100. ಸಾಲ 31 ಲಕ್ಷಕ್ಕೆ ಇಳಿಯಿತು.

ಇಲ್ಲಿ ಕಾರಿನ ಸಾಲವನ್ನು ವಿಶೇಷವಾಗಿ ಗಮನಿಸಬೇಕು. ಇನ್ನೆರಡು ವರ್ಷದ ಕಂತು ಬಾಕಿಯಿದ್ದರೆ ಅಸಲು ಸುಮಾರು 3 ಲಕ್ಷ ಇರುತ್ತದೆ. ಆದರೆ ಬ್ಯಾಂಕು ಕಳೆಯುವುದು ಅಸಲನ್ನಲ್ಲ, ಇಎಂಐಯನ್ನು. ಆ 14,000 ಹೊಸ ಸಾಲದ 16 ಲಕ್ಷವನ್ನು ನುಂಗಿಬಿಡುತ್ತದೆ. ಉಳಿತಾಯದ 3 ಲಕ್ಷವನ್ನು ಡೌನ್‌ಪೇಮೆಂಟಿಗೆ ಸೇರಿಸುವ ಬದಲು ಕಾರಿನ ಸಾಲ ತೀರಿಸಿದರೆ ಅರ್ಹತೆ 47 ಲಕ್ಷಕ್ಕೆ ಏರುತ್ತದೆ. ಫ್ರಿಜ್ಜಿನ ನಾಲ್ಕೈದು ಕಂತಷ್ಟೇ ಬಾಕಿಯಿದ್ದರೆ ಕೆಲವು ಬ್ಯಾಂಕುಗಳು ಅದನ್ನು ಬಿಟ್ಟುಬಿಡುತ್ತವೆ, ಕೇಳಿ ನೋಡಬೇಕು. ಸಾಲ ತೀರಿಸಿದ ಮೇಲೆ ಎನ್ಒಸಿ ಪಡೆದು ಅರ್ಜಿಯ ಜೊತೆಗೇ ಕೊಡಿ. ಬ್ಯಾಂಕುಗಳು ಸಾಲದ ಮಾಹಿತಿಯನ್ನು ನಿಗದಿತ ಅವಧಿಗೊಮ್ಮೆ ಕಳಿಸಬೇಕೆಂಬ ನಿಯಮ ಇದ್ದರೂ, ಆ ನಡುವೆ ವರದಿಯಲ್ಲಿ ಹಳೆಯ ಸಾಲ ಹಾಗೇ ಕಾಣುತ್ತಿರಬಹುದು.