ಬ್ಯಾಂಕಿಗೆ ಬಂದ ಹಣ ಮಾರಾಟದ ಲೆಕ್ಕವಲ್ಲ

ಇಳಕಲ್ಲಿನ ಒಂದು ಅಂಗಡಿ ಮಾರ್ಚ್ 20ರಂದು ಆನ್‌ಲೈನ್ ತಾಣದ ಮೂಲಕ 1,050 ರೂಪಾಯಿಗೆ ಒಂದು ಹತ್ತಿ ಸೀರೆ ಮಾರಿತು ಎನ್ನೋಣ. ಇನ್‌ವಾಯ್ಸ್‌ನಲ್ಲಿ ಸೀರೆಯ ಬೆಲೆ 1,000, ಶೇ 5ರ ಜಿಎಸ್‌ಟಿ 50. ತಿಂಗಳು ಮುಗಿಯುವುದರೊಳಗೆ ಬ್ಯಾಂಕಿಗೆ ಬಂದದ್ದು 808 ರೂಪಾಯಿ. ಅನೇಕರು ಆ 808ನ್ನೇ ಮಾರಾಟವೆಂದು ಪುಸ್ತಕಕ್ಕೆ ಬರೆದುಬಿಡುತ್ತಾರೆ. ಆನ್‌ಲೈನ್ ವ್ಯಾಪಾರಿಗಳ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಕಡಿತವಾದ 242 ರೂಪಾಯಿ ಎಲ್ಲಿ ಹೋಯಿತೆಂಬುದು ತಾಣ ಕಳಿಸುವ ಸೆಟಲ್‌ಮೆಂಟ್ ರಿಪೋರ್ಟಿನಲ್ಲಿರುತ್ತದೆ. ನಮ್ಮ ಉದಾಹರಣೆಯಲ್ಲಿ ಕಮಿಷನ್ 105, ನಿಗದಿತ ಶುಲ್ಕ 25, ಸಾಗಣೆ 70, ಒಟ್ಟು 200. ಈ ಸೇವೆಗಳ ಮೇಲೆ ಶೇ 18ರಂತೆ ಜಿಎಸ್‌ಟಿ 36. ಉಳಿದ 6 ರೂಪಾಯಿ ಸರ್ಕಾರದ ಪರವಾಗಿ ತಾಣ ಹಿಡಿದುಕೊಂಡದ್ದು. ಅದರಲ್ಲಿ 5 ರೂಪಾಯಿ ಜಿಎಸ್‌ಟಿಯ ಟಿಸಿಎಸ್, 2024ರ ಜುಲೈ 10ರಿಂದ ಇದರ ದರ ಶೇ 0.5. ಇನ್ನೊಂದು ರೂಪಾಯಿ ಆದಾಯ ತೆರಿಗೆಯ ಟಿಡಿಎಸ್, 2024ರ ಅಕ್ಟೋಬರ್ 1ರಿಂದ ಶೇ 0.1.

ಈ 242ರಲ್ಲಿ ನಿಜವಾದ ಖರ್ಚು 200 ಮಾತ್ರ. 36 ರೂಪಾಯಿಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಆದರೆ ತಾಣದ ಕಮಿಷನ್ ಬಿಲ್ಲು ನಿಮ್ಮ ಜಿಎಸ್‌ಟಿಆರ್–2ಬಿಯಲ್ಲಿ ಕಾಣಿಸಿಕೊಂಡಿರಬೇಕು. ಟಿಸಿಎಸ್‌ನ 5 ರೂಪಾಯಿ ತಾನಾಗಿ ಬರುವುದಿಲ್ಲ. ಜಿಎಸ್‌ಟಿ ಪೋರ್ಟಲಿಗೆ ಹೋಗಿ ತಾಣ ಸಲ್ಲಿಸಿದ ವಿವರವನ್ನು ಒಪ್ಪಿಕೊಂಡ ಮೇಲಷ್ಟೇ ಅದು ನಿಮ್ಮ ನಗದು ಲೆಡ್ಜರಿಗೆ ಸೇರುತ್ತದೆ. ತಿಂಗಳುಗಟ್ಟಲೆ ಯಾರೂ ಒಪ್ಪಿಕೊಳ್ಳದೆ ಬಿಟ್ಟ ಹಣ ಅಲ್ಲೇ ಕುಳಿತಿರುವುದು ಅಪರೂಪವಲ್ಲ. 808ನ್ನೇ ಮಾರಾಟವೆಂದು ತೋರಿಸಿದರೆ ಈ ಎರಡೂ ಕೈತಪ್ಪಬಹುದು. ಜೊತೆಗೆ ತಾಣ ಇಲಾಖೆಗೆ ತಿಳಿಸಿದ 1,000ಕ್ಕೂ ನೀವು ತೋರಿಸಿದ ಮೊತ್ತಕ್ಕೂ ತಾಳೆಯಾಗದೆ ನೋಟಿಸು ಬರಬಹುದು.

ಈಗ ಗ್ರಾಹಕರು ಸೀರೆ ವಾಪಸು ಮಾಡಿದರು, ಅದೂ ಏಪ್ರಿಲ್ 6ರಂದು. ತಾಣ 1,050ನ್ನು ನಿಮ್ಮಿಂದ ಹಿಂಪಡೆಯುತ್ತದೆ. ಕಮಿಷನ್ ಮತ್ತು ನಿಗದಿತ ಶುಲ್ಕವನ್ನು ಜಿಎಸ್‌ಟಿ ಸಮೇತ, ಅಂದರೆ 153.40 ರೂಪಾಯಿ, ಮರಳಿಸುತ್ತದೆ. ಟಿಸಿಎಸ್‌ನ 5 ರೂಪಾಯಿಯೂ ಹಿಂದಿರುಗುತ್ತದೆ. ಹೋದ ಸಾಗಣೆ ವೆಚ್ಚ ಮಾತ್ರ ಬರುವುದಿಲ್ಲ, ಮೇಲಾಗಿ ಮರುಸಾಗಣೆಯ 80 ಮತ್ತು ಅದರ ಜಿಎಸ್‌ಟಿ ಸೇರಿ 94.40 ಕಡಿತವಾಗುತ್ತದೆ. ಹೀಗೆ ಏಪ್ರಿಲ್ ರಿಪೋರ್ಟಿನಲ್ಲಿ ಈ ಆರ್ಡರಿನ ಮುಂದೆ 986 ರೂಪಾಯಿ ಮೈನಸ್. ಮಾರ್ಚ್‌ನಲ್ಲಿ ಬಂದ 808ನ್ನು ಇದರಲ್ಲಿ ಕಳೆದರೆ, ಸೀರೆ ಕಪಾಟಿಗೆ ಮರಳಿದ್ದರೂ 178 ರೂಪಾಯಿ ಕೈಬಿಟ್ಟಿದೆ. ಅದರಲ್ಲಿ 27 ಜಿಎಸ್‌ಟಿ, 1 ಟಿಡಿಎಸ್. ನಿಜವಾದ ನಷ್ಟ ಎರಡು ಸಾಗಣೆಗಳ 150.

ಮಾರ್ಚ್‌ನ ಇನ್‌ವಾಯ್ಸನ್ನು ಅಳಿಸಿ ಕೈತೊಳೆದುಕೊಳ್ಳುವ ಮನಸ್ಸಾಗುತ್ತದೆ. ಹಾಗೆ ಮಾಡಬಾರದು. ಆ ಮಾರಾಟ ಮಾರ್ಚ್‌ನ ಲೆಕ್ಕದಲ್ಲೇ ಉಳಿಯಬೇಕು. ಏಪ್ರಿಲ್ ತಾರೀಖಿನ ಕ್ರೆಡಿಟ್ ನೋಟ್ ಬರೆದು, ಏಪ್ರಿಲ್‌ನ ಮಾರಾಟದಿಂದ 1,000ನ್ನು ಕಳೆಯಬೇಕು. ನಡುವೆ ಹಣಕಾಸು ವರ್ಷವೇ ಬದಲಾಗಿರುವುದರಿಂದ ಇಲ್ಲಿ ಎಡವಿದರೆ ಎರಡು ವರ್ಷಗಳ ಲೆಕ್ಕ ಕೆಡುತ್ತದೆ.

ತಾಳೆ ನೋಡಲು ನಾನು ಹೇಳುವ ದಾರಿ ಒಂದೇ. ಪ್ರತಿ ತಾಣವನ್ನೂ ನಿಮಗೆ ಬಾಕಿ ಕೊಡಬೇಕಾದ ಒಬ್ಬ ಗಿರಾಕಿಯಂತೆ ಕಂಡು, ಅದರ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ. ಇನ್‌ವಾಯ್ಸ್‌ನ 1,050 ಅದರ ಖರ್ಚಿನ ಬದಿಗೆ, ಕಡಿತಗಳ 242 ಮತ್ತು ಬ್ಯಾಂಕಿನ 808 ಜಮಾ ಬದಿಗೆ. ಎಲ್ಲ ಸಾಲುಗಳನ್ನೂ ಆರ್ಡರ್ ನಂಬರಿನ ಮೇಲೆ ಕೂಡಿಸಿದಾಗ ಇತ್ಯರ್ಥವಾದ ಪ್ರತಿ ಆರ್ಡರಿನ ಮುಂದೆ ಸೊನ್ನೆ ಬರಬೇಕು. ಇನ್ನೂ ಹಣ ಬಾರದ ಹೊಸ ಆರ್ಡರುಗಳು ಮಾತ್ರ ಬಾಕಿ ಉಳಿಯಬೇಕು. ಒಂದು ಎಚ್ಚರಿಕೆ: ಎಕ್ಸೆಲ್ ಅಂಕಿಗಳಲ್ಲಿ ಮೊದಲ 15ನ್ನಷ್ಟೇ ಉಳಿಸಿ ಮುಂದಿನದ್ದನ್ನು ಸೊನ್ನೆ ಮಾಡುತ್ತದೆ. ಉದ್ದನೆಯ ಆರ್ಡರ್ ನಂಬರಿರುವ ಕಾಲಮ್ಮನ್ನು ಫೈಲ್ ತೆರೆಯುವಾಗಲೇ ಅಂಕಿಯ ಬದಲು ಪಠ್ಯವಾಗಿ ತೆಗೆದುಕೊಳ್ಳಬೇಕು, ಇಲ್ಲವಾದರೆ ಬೇರೆ ಬೇರೆ ಆರ್ಡರುಗಳು ಒಂದೇ ಆಗಿಬಿಡುತ್ತವೆ.

ಸೊನ್ನೆಯಾಗದ ಹಳೆಯ ಆರ್ಡರುಗಳನ್ನು ಒಂದೊಂದಾಗಿ ನೋಡಿ. ಬಾಕಿ ಪೂರ್ತಿ 1,050 ಇದ್ದರೆ ಹಣವೇ ಬಂದಿಲ್ಲ. ಆದರೆ ಸೊನ್ನೆ ಬಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನಲಾಗದು. ವಾಪಸಾದ ಆರ್ಡರಿನ ಲೆಕ್ಕ ಸರಿಹೋಗಿದ್ದು ಸೀರೆ ಮಾತ್ರ ಗೋದಾಮಿಗೆ ಬಾರದಿರಬಹುದು. ಸಾಗಣೆಗೆ ಪೊಟ್ಟಣದ ಗಾತ್ರ ಲೆಕ್ಕ ಹಾಕಿ ಹೆಚ್ಚು ತೂಕಕ್ಕೆ ಹಣ ಹಿಡಿದಿರಬಹುದು. ಹೀಗಾಗಿ ವಾಪಸಾತಿ ಪಟ್ಟಿಯನ್ನು ಗೋದಾಮಿನ ಆವಕ ಪುಸ್ತಕದೊಂದಿಗೂ, ಸಾಗಣೆಯ ತೂಕವನ್ನು ನೀವು ತೂಗಿದ್ದರೊಂದಿಗೂ ಹೋಲಿಸಬೇಕು. ತಕರಾರು ಸಲ್ಲಿಸಲು ತಾಣಗಳು ಗಡುವು ಇಟ್ಟಿರುತ್ತವೆ, ಆದ್ದರಿಂದ ಈ ಕೆಲಸವನ್ನು ವರ್ಷಾಂತ್ಯಕ್ಕೆ ಬಿಡದೆ ಪ್ರತಿ ಸೆಟಲ್‌ಮೆಂಟ್ ಬಂದಾಗಲೇ ಮಾಡಬೇಕು.