ಎರಡು ಚೌಕಟ್ಟು, ಒಂದೇ ದನಿ: ಹೋಲಿಕೆ ವಿಡಿಯೋಗೆ ಸ್ಕ್ರಿಪ್ಟ್ ತಿದ್ದುವ ಬಗೆ

ಒಂದೇ ಪರದೆಯನ್ನು ಎರಡು ಚೌಕಟ್ಟುಗಳಾಗಿ ಸೀಳಿ, ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ವಿನ್ಯಾಸಕ್ಕೆ ಸ್ಪ್ಲಿಟ್ ಸ್ಕ್ರೀನ್ ಎಂದು ಹೆಸರು. ಸಿನಿಮಾದಲ್ಲಿ ಇದು ಹಳೆಯ ಉಪಾಯ. 1913ರಲ್ಲೇ ಲೋಯಿಸ್ ವೆಬರ್ ತಮ್ಮ ‘ಸಸ್ಪೆನ್ಸ್’ ಎಂಬ ಮೂಕಿ ಚಿತ್ರದಲ್ಲಿ ಪರದೆಯನ್ನು ಮೂರು ಭಾಗ ಮಾಡಿ, ಫೋನಿನಲ್ಲಿ ಮಾತಾಡುವ ಗಂಡ, ಹೆಂಡತಿ ಮತ್ತು ಮನೆಗೆ ನುಗ್ಗುವ ಆಗಂತುಕ ಈ ಮೂವರನ್ನೂ ಒಟ್ಟಿಗೇ ತೋರಿಸಿದ್ದರು. ಫೋನ್ ಸಂಭಾಷಣೆಯ ದೃಶ್ಯದಲ್ಲಿ ಮಾತು ಯಾರದೆಂದು ಹೇಳಿಕೊಡಬೇಕಾಗಿಲ್ಲ. ತುಟಿ ಆಡುವ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ. ಪಾಠದ ವಿಡಿಯೋದಲ್ಲಿ ಈ ಅನುಕೂಲ ಇಲ್ಲ. ಎರಡೂ ಚೌಕಟ್ಟುಗಳು ಮೂಕವಾಗಿರುತ್ತವೆ, ವಿವರಿಸುವ ದನಿ ಹೊರಗಿನಿಂದ ಬರುತ್ತದೆ. ಆ ದನಿ ಈಗ ಯಾವ ಚೌಕಟ್ಟಿನ ಬಗ್ಗೆ ಮಾತಾಡುತ್ತಿದೆ ಎಂಬುದು ಮಾತಿನಿಂದಲೇ ಗೊತ್ತಾಗಬೇಕು.

ಇಡೀ ಪರದೆಗೆಂದು ಬರೆದ ಸ್ಕ್ರಿಪ್ಟನ್ನು ಇಂಥ ವಿನ್ಯಾಸಕ್ಕೆ ಹಾಗೆಯೇ ಬಳಸಲಾಗದಿರುವುದು ಇದೇ ಕಾರಣಕ್ಕೆ. ಇಡೀ ಪರದೆಯಲ್ಲಿ ಮಾತಿನ ಜೊತೆಗೆ ಚಿತ್ರವೂ ಬದಲಾಗುತ್ತದೆ. ‘ಇದು’ ಎಂದರೆ ಆ ಕ್ಷಣ ಕಾಣುತ್ತಿರುವುದೇ. ಅಕ್ಕಪಕ್ಕದ ಚೌಕಟ್ಟುಗಳಲ್ಲಿ ಎರಡೂ ಚಿತ್ರ ಸದಾ ಕಣ್ಣೆದುರಿಗೇ ಇರುತ್ತವೆ. ನೋಡುಗ ಮೊದಲು ತನ್ನ ಚೌಕಟ್ಟನ್ನು ಹುಡುಕಬೇಕು, ಆಮೇಲೆ ಅರ್ಥ ಮಾಡಿಕೊಳ್ಳಬೇಕು. ಬೇರೆ ಬೇರೆ ಕಡೆ ಇರುವ ಮಾಹಿತಿಯನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳಬೇಕಾಗಿ ಬಂದರೆ ಕಲಿಯುವವರ ಮೇಲೆ ಹೊರೆ ಹೆಚ್ಚುತ್ತದೆ ಎಂಬುದನ್ನು ಪಾಲ್ ಚಾಂಡ್ಲರ್ ಮತ್ತು ಜಾನ್ ಸ್ವೆಲ್ಲರ್ 1990ರ ದಶಕದ ಆರಂಭದಲ್ಲೇ ತೋರಿಸಿದ್ದರು. ಆದ್ದರಿಂದ ತಿದ್ದುವ ಕೆಲಸದ ಮೊದಲ ಪ್ರಶ್ನೆ ಒಂದೇ: ಈ ವಾಕ್ಯ ಕೇಳುವಾಗ ನೋಡುಗನ ಕಣ್ಣು ಎಲ್ಲಿರಬೇಕು?

ಸೂರ್ಯಗ್ರಹಣ ಮತ್ತು ಚಂದ್ರಗ್ರಹಣಗಳನ್ನು ಹೋಲಿಸುವ ಶಾಲಾ ಪಾಠವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಡೀ ಪರದೆಗೆ ಬರೆದ ಸ್ಕ್ರಿಪ್ಟಿನ ಒಂದು ತುಣುಕು ಹೀಗಿದೆ ಎಂದುಕೊಳ್ಳೋಣ:

“ಸೂರ್ಯ ಮತ್ತು ಭೂಮಿಯ ನಡುವೆ ಚಂದ್ರ ಬಂದಾಗ ಸೂರ್ಯಗ್ರಹಣ, ಸೂರ್ಯ ಮತ್ತು ಚಂದ್ರನ ನಡುವೆ ಭೂಮಿ ಬಂದಾಗ ಚಂದ್ರಗ್ರಹಣ. ಮೊದಲನೆಯದು ಅಮಾವಾಸ್ಯೆಯಂದು, ಎರಡನೆಯದು ಹುಣ್ಣಿಮೆಯಂದು ನಡೆಯುತ್ತದೆ. ಅದರ ನೆರಳು ಚಿಕ್ಕದಾದ್ದರಿಂದ ಅದು ಭೂಮಿಯ ಕಿರಿದಾದ ಪಟ್ಟಿಯಲ್ಲಿ ಮಾತ್ರ ಕಾಣಿಸುತ್ತದೆ. ಇದು ರಾತ್ರಿಯಿರುವ ಅರ್ಧ ಭೂಮಿಗೆಲ್ಲ ಕಾಣಿಸುತ್ತದೆ.”

ಓದುವುದಕ್ಕೆ ಈ ತುಣುಕಿನಲ್ಲಿ ತೊಡಕಿಲ್ಲ. ಒಟ್ಟು 33 ಪದ. ನಿಮಿಷಕ್ಕೆ ಸುಮಾರು 100 ಪದಗಳ ಸಾವಧಾನದ ಓದಿಗೆ 20 ಸೆಕೆಂಡು ಸಾಕು. ಇದನ್ನೇ ಎಡಕ್ಕೆ ಸೂರ್ಯಗ್ರಹಣ, ಬಲಕ್ಕೆ ಚಂದ್ರಗ್ರಹಣ ಇರುವ ಪರದೆಯ ಮೇಲೆ ಓದಿದರೆ ತೊಂದರೆ ಶುರುವಾಗುತ್ತದೆ. ನಾಲ್ಕು ವಾಕ್ಯಗಳಲ್ಲಿ ಕಣ್ಣು ಎಡ, ಬಲ, ಎಡ, ಬಲ, ಎಡ, ಬಲ ಎಂದು ಐದು ಸಲ ಜಿಗಿಯಬೇಕು. ಸರಾಸರಿ ನಾಲ್ಕು ಸೆಕೆಂಡಿಗೆ ಒಂದು ಜಿಗಿತ. ‘ಮೊದಲನೆಯದು’ ಎಂದಾಗ ಯಾವುದು ಮೊದಲು ಬಂದಿತ್ತೆಂದು ನೆನಪಿಸಿಕೊಳ್ಳಬೇಕು. ಮೂರನೆಯ ಮತ್ತು ನಾಲ್ಕನೆಯ ವಾಕ್ಯಗಳ ‘ಅದು’, ‘ಇದು’ ಎರಡರಲ್ಲಿ ಎಡದ್ದು ಯಾವುದು, ಬಲದ್ದು ಯಾವುದು ಎಂದು ಹೇಳುವ ಗುರುತೇ ಇಲ್ಲ. ಎರಡನೆಯ ವಾಕ್ಯದ ಕ್ರಿಯಾಪದ ಎರಡೂ ಗ್ರಹಣಗಳಿಗೆ ಸೇರಿದ್ದು, ಆದರೆ ಅದು ಕೇಳಿಸುವ ಹೊತ್ತಿಗೆ ಕಣ್ಣು ಬಲಗಡೆ ಇರುತ್ತದೆ.

ತಿದ್ದುವಾಗ ಮೊದಲು ಮಾಡಬೇಕಾದದ್ದು ವಾಕ್ಯಗಳನ್ನು ಮೂರು ಗುಂಪಾಗಿ ವಿಂಗಡಿಸುವುದು: ಎಡಕ್ಕೆ ಸೇರಿದ್ದು, ಬಲಕ್ಕೆ ಸೇರಿದ್ದು, ಎರಡಕ್ಕೂ ಸೇರಿದ್ದು. ಮೂರರಲ್ಲಿ ಒಂದಕ್ಕೂ ಪೂರ್ತಿ ಸೇರದ ವಾಕ್ಯವನ್ನು ಒಡೆಯಬೇಕು. ಎರಡನೆಯ ಹೆಜ್ಜೆ, ಹೋಲಿಕೆಯ ಅಂಶಗಳನ್ನು ಪಟ್ಟಿ ಮಾಡುವುದು. ಮೇಲಿನ ತುಣುಕಿನಲ್ಲಿ ಎರಡು ಅಂಶಗಳಿವೆ: ನಡುವೆ ಬರುವವರು ಯಾರು ಮತ್ತು ಯಾವ ದಿನ, ಗ್ರಹಣ ಕಾಣಿಸುವುದು ಎಲ್ಲೆಲ್ಲಿ. ಒಂದು ಅಂಶವನ್ನು ಎಡದಲ್ಲಿ ಹೇಳಿ, ಅದೇ ಅಂಶವನ್ನು ಬಲದಲ್ಲಿ ಹೇಳಿ, ನಂತರ ಮುಂದಿನ ಅಂಶಕ್ಕೆ ಹೋಗುವುದು ಸಾಮಾನ್ಯವಾಗಿ ಒಪ್ಪುವ ಕ್ರಮ. ಎಡದ ಕಥೆಯನ್ನೆಲ್ಲ ಮುಗಿಸಿ ಬಲಕ್ಕೆ ಹೋದರೆ, ಬಲದ ಮೂರನೆಯ ಅಂಶ ಬರುವ ಹೊತ್ತಿಗೆ ಎಡದ ಮೂರನೆಯ ಅಂಶ ಮರೆತಿರುತ್ತದೆ. ಆಗ ಎರಡು ಚೌಕಟ್ಟುಗಳನ್ನು ಅಕ್ಕಪಕ್ಕ ಇಟ್ಟು ಫಲವಿಲ್ಲ. ಹೇಳುವ ಸರದಿಯೂ ಕೊನೆಯವರೆಗೆ ಒಂದೇ ಆಗಿರಬೇಕು. ಒಮ್ಮೆ ಎಡ ಮೊದಲು, ಇನ್ನೊಮ್ಮೆ ಬಲ ಮೊದಲು ಎಂದಾದರೆ, ಮುಂದೆ ಎಲ್ಲಿ ನೋಡಬೇಕೆಂಬ ಊಹೆ ನೋಡುಗನ ಕೈತಪ್ಪುತ್ತದೆ.

ಹೀಗೆ ತಿದ್ದಿದ ಸ್ಕ್ರಿಪ್ಟ್ ಈ ರೂಪ ಪಡೆಯುತ್ತದೆ:

ಎರಡೂ: “ಎರಡೂ ಗ್ರಹಣಗಳಿಗೆ ಬೇಕಾದವರು ಮೂವರೇ: ಸೂರ್ಯ, ಭೂಮಿ, ಚಂದ್ರ. ನಡುವೆ ಬರುವವರು ಯಾರು ಎಂಬುದಷ್ಟೇ ಬೇರೆ.”

ಎಡ: “ಸೂರ್ಯಗ್ರಹಣದಲ್ಲಿ ನಡುವೆ ಬರುವುದು ಚಂದ್ರ. ಅಂದು ಅಮಾವಾಸ್ಯೆ. ಚಂದ್ರನ ನೆರಳು ಭೂಮಿಯ ಮೇಲೆ ಬೀಳುತ್ತದೆ.”

ಬಲ: “ಚಂದ್ರಗ್ರಹಣದಲ್ಲಿ ನಡುವೆ ಬರುವುದು ಭೂಮಿ. ಅಂದು ಹುಣ್ಣಿಮೆ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ.”

ಎಡ: “ಸೂರ್ಯಗ್ರಹಣದಲ್ಲಿ ದಟ್ಟ ನೆರಳು ಭೂಮಿಯ ಮೇಲೊಂದು ಸಣ್ಣ ಚುಕ್ಕೆ. ಆ ಚುಕ್ಕೆ ಸರಿದುಹೋಗುವ ಕಿರಿದಾದ ಪಟ್ಟಿಯಲ್ಲಿ ಮಾತ್ರ ಪೂರ್ಣ ಗ್ರಹಣ. ಪಟ್ಟಿಯ ಆಚೀಚೆ ಇರುವವರಿಗೆ ಪಾರ್ಶ್ವ ಗ್ರಹಣ.”

ಬಲ: “ಚಂದ್ರಗ್ರಹಣದಲ್ಲಿ ದಟ್ಟ ನೆರಳು ಚಂದ್ರನನ್ನು ಇಡಿಯಾಗಿ ಮುಚ್ಚುವಷ್ಟು ದೊಡ್ಡದು. ಆ ಹೊತ್ತಿಗೆ ಚಂದ್ರ ಆಕಾಶದಲ್ಲಿ ಕಾಣುವ ಊರುಗಳಿಗೆಲ್ಲ ಗ್ರಹಣ ಕಾಣುತ್ತದೆ.”

ಎರಡೂ: “ಹೀಗಾಗಿ ಪೂರ್ಣ ಸೂರ್ಯಗ್ರಹಣ ಕೆಲವೇ ಊರುಗಳ ಪಾಲು, ಪೂರ್ಣ ಚಂದ್ರಗ್ರಹಣ ಅರ್ಧ ಭೂಮಿಯ ಪಾಲು.”

ಇಲ್ಲಿ ಎಡ-ಬಲದ ಪ್ರತಿ ಸರದಿಯ ಮೊದಲ ಪದವೇ ಚೌಕಟ್ಟಿನ ವಿಳಾಸ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ಇನ್ನಷ್ಟು ಮುಖ್ಯ. “ಭೂಮಿಯ ಮೇಲೆ ಚಂದ್ರನ ನೆರಳು ಬೀಳುವುದು ಸೂರ್ಯಗ್ರಹಣದಲ್ಲಿ” ಎಂದು ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಎಲ್ಲಿ ನೋಡಬೇಕೆಂದು ತಿಳಿಯುವಷ್ಟರಲ್ಲಿ ವಾಕ್ಯವೇ ಮುಗಿದಿರುತ್ತದೆ. ವಿಳಾಸವಾಗಿ ‘ಎಡಗಡೆ’, ‘ಬಲಗಡೆ’ ಎನ್ನುವುದಕ್ಕಿಂತ ಸಂಗತಿಯ ಹೆಸರನ್ನೇ ಬಳಸುವುದು ಲೇಸು. ಮೊಬೈಲಿಗಾಗಿ ವಿಡಿಯೋವನ್ನು ಉದ್ದುದ್ದ ಮಾಡಿದಾಗ ಎಡ-ಬಲದ ಚೌಕಟ್ಟುಗಳು ಮೇಲೆ-ಕೆಳಗೆ ಆಗುತ್ತವೆ. ಆಗ ದನಿಯನ್ನು ಮತ್ತೆ ರೆಕಾರ್ಡ್ ಮಾಡಬೇಕಾಗುತ್ತದೆ. ಹೆಸರು ಹೇಳಿದ್ದರೆ ಆ ತೊಂದರೆ ಇಲ್ಲ. ಹೆಸರು ಮತ್ತೆ ಮತ್ತೆ ಬರುತ್ತದೆಂದು ಅಳುಕಬೇಕಾಗಿಲ್ಲ. ಲೇಖನದಲ್ಲಿ ಬೇಸರ ತರುವ ಪುನರುಕ್ತಿ ಇಲ್ಲಿ ದಾರಿ ತೋರಿಸುತ್ತದೆ. ‘ಅದು’, ‘ಇದು’ಗಳನ್ನು ಒಂದೇ ಚೌಕಟ್ಟಿನೊಳಗಿನ ವಸ್ತುವಿಗೆ ಬಳಸಬಹುದು, ಚೌಕಟ್ಟು ದಾಟುವಾಗ ಬಳಸಬಾರದು.

ವಾಕ್ಯಗಳ ಜೋಡಿಯನ್ನೂ ಗಮನಿಸಬಹುದು. ಮೊದಲ ಅಂಶದಲ್ಲಿ ಎಡ-ಬಲದ ವಾಕ್ಯಗಳ ಅಚ್ಚು ಒಂದೇ. ಬದಲಾಗಿರುವುದು ವಿಷಯದ ವ್ಯತ್ಯಾಸ ಇರುವ ಪದಗಳು ಮಾತ್ರ. ಅಚ್ಚು ಒಂದೇ ಆಗಿದ್ದಾಗ ವ್ಯತ್ಯಾಸ ಕಿವಿಗೆ ತಟ್ಟನೆ ಸಿಗುತ್ತದೆ. ಎಡಕ್ಕೆ ಒಂದು ಬಗೆಯ ವಾಕ್ಯ, ಬಲಕ್ಕೆ ಇನ್ನೊಂದು ಬಗೆಯ ವಾಕ್ಯ ಬರೆದರೆ ಭಾಷೆಯ ವ್ಯತ್ಯಾಸವೂ ವಿಷಯದ ವ್ಯತ್ಯಾಸವೂ ಕಲಸಿಹೋಗುತ್ತವೆ.

ತಿದ್ದುವಾಗ ಹಳೆಯ ಸ್ಕ್ರಿಪ್ಟಿನ ಒಂದು ತಪ್ಪೂ ಹೊರಬಿದ್ದಿದೆ. ಸೂರ್ಯಗ್ರಹಣ ಕಿರಿದಾದ ಪಟ್ಟಿಯಲ್ಲಿ ಮಾತ್ರ ಕಾಣಿಸುತ್ತದೆ ಎಂದು ಅದರಲ್ಲಿತ್ತು. ಪೂರ್ಣ ಗ್ರಹಣಕ್ಕೆ ಆ ಮಾತು ನಿಜ. ಪಾರ್ಶ್ವ ಗ್ರಹಣ ಪಟ್ಟಿಯ ಆಚೆಗೂ ಸಾವಿರಾರು ಕಿಲೋಮೀಟರು ಕಾಣಿಸುತ್ತದೆ. ಎಡ ಚೌಕಟ್ಟಿನಲ್ಲಿ ದಟ್ಟ ನೆರಳಿನ ಚುಕ್ಕೆಯ ಸುತ್ತ ತೆಳು ನೆರಳಿನ ದೊಡ್ಡ ವೃತ್ತವನ್ನೂ ಬರೆದಾಗ, ಹಳೆಯ ವಾಕ್ಯಕ್ಕೂ ಚಿತ್ರಕ್ಕೂ ತಾಳೆಯಾಗುವುದಿಲ್ಲ. ಅಕ್ಕಪಕ್ಕದ ವಿನ್ಯಾಸ ಸಡಿಲ ಮಾತನ್ನು ಹೀಗೆ ಬಯಲಿಗೆಳೆಯುತ್ತದೆ.

ಹೊಸ ತುಣುಕಿನಲ್ಲಿ ಒಟ್ಟು 80 ಪದಗಳಿವೆ. ಆರು ಸರದಿಗಳ ನಡುವಿನ ಐದು ಕಡೆ ಸುಮಾರು ಒಂದೊಂದು ಸೆಕೆಂಡಿನ ಬಿಡುವು ಸೇರಿಸಿದರೆ 50 ಸೆಕೆಂಡು ದಾಟುತ್ತದೆ. ಕಣ್ಣು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹೋಗಿ ನೆಲೆಯೂರಲು ಆ ಬಿಡುವು ಬೇಕೇ ಬೇಕು. ವಿಡಿಯೋದ ಉದ್ದ ಮೊದಲೇ ಗೊತ್ತುಮಾಡಿದ್ದರೆ ಓದಿನ ವೇಗ ಹೆಚ್ಚಿಸಬಾರದು, ಅಂಶಗಳನ್ನು ಕಡಿಮೆ ಮಾಡಬೇಕು.

ಸ್ಕ್ರಿಪ್ಟಿನ ಹಾಳೆಯೂ ಬದಲಾಗುತ್ತದೆ. ಸಾಮಾನ್ಯ ವಿಡಿಯೋ ಸ್ಕ್ರಿಪ್ಟಿಗೆ ಚಿತ್ರ ಮತ್ತು ದನಿ ಎಂಬ ಎರಡು ಕಾಲಂ ಸಾಕು. ಇಲ್ಲಿ ಸಮಯ, ಎಡ ಚಿತ್ರ, ಬಲ ಚಿತ್ರ, ದನಿ ಎಂದು ನಾಲ್ಕು ಬೇಕು. ಎಡದ ಸರದಿ ನಡೆಯುವಾಗ ಬಲದ ಕಾಲಂ ಖಾಲಿ ಬಿಡಬಾರದು. ‘ಚಿತ್ರ ನಿಂತಿರಲಿ, ತುಸು ಮಂಕಾಗಲಿ’ ಎಂದು ಬರೆಯಬೇಕು. ಹಾಗೆ ಬರೆಯದಿದ್ದರೆ ಎಡಿಟಿಂಗ್ ವೇಳೆ ಅಲ್ಲಿ ಚಂದ್ರ ಸುತ್ತುತ್ತಲೇ ಇರುತ್ತಾನೆ. ಚಲನೆ ಕಣ್ಣನ್ನು ಎಳೆಯುತ್ತದೆ, ಆ ಎಳೆತದ ಮುಂದೆ ದನಿ ಸೋಲುತ್ತದೆ. ಎರಡೂ ಚೌಕಟ್ಟುಗಳು ಒಟ್ಟಿಗೆ ಚಲಿಸುವುದು ‘ಎರಡೂ’ ಎಂದು ಗುರುತಿಸಿದ ಸಾಲುಗಳಲ್ಲಿ ಮಾತ್ರ. ಎರಡರಲ್ಲೂ ಸೂರ್ಯ ಒಂದೇ ಬದಿಯಲ್ಲಿ, ಒಂದೇ ಗಾತ್ರದಲ್ಲಿರಬೇಕೆಂಬ ಸೂಚನೆಯೂ ಹಾಳೆಯಲ್ಲಿರಬೇಕು. ಒಂದರಲ್ಲಿ ಸೂರ್ಯ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಇದ್ದರೆ ಅದನ್ನೇ ಗ್ರಹಣಗಳ ವ್ಯತ್ಯಾಸವೆಂದು ಮಕ್ಕಳು ತಿಳಿದಾರು.

ಎರಡು ಬಗೆಯ ಅಂಶಗಳು ಈ ಜೋಡಿ ಕ್ರಮಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಮೊದಲನೆಯದು, ಒಂದೇ ಚೌಕಟ್ಟಿಗೆ ಸೇರಿದ ಅಂಶ. ಪೂರ್ಣ ಗ್ರಹಣದ ಚಂದ್ರ ತಾಮ್ರದ ಬಣ್ಣಕ್ಕೆ ತಿರುಗುವುದು ಬಲಕ್ಕೆ ಮಾತ್ರ ಸೇರಿದ್ದು. ಅದನ್ನು ಹೇಳುವಷ್ಟು ಹೊತ್ತೂ ಎಡ ಚೌಕಟ್ಟು ಸುಮ್ಮನೆ ನಿಲ್ಲುತ್ತದೆ. ಪ್ರಶ್ನೆಯನ್ನು ಹಿಗ್ಗಿಸಿದರೆ ಜೋಡಿ ಸಿಗುತ್ತದೆ: ಪೂರ್ಣ ಗ್ರಹಣದ ಹೊತ್ತಿನಲ್ಲಿ ಏನು ಕಾಣುತ್ತದೆ? ಎಡದಲ್ಲಿ ಸೂರ್ಯನ ಸುತ್ತ ಬೆಳ್ಳಗೆ ಹರಡಿದ ಕರೋನಾ, ಬಲದಲ್ಲಿ ಭೂಮಿಯ ವಾತಾವರಣದ ಮೂಲಕ ಬಾಗಿ ಬಂದ ಕೆಂಪು ಬೆಳಕಿನಲ್ಲಿ ಮಿನುಗುವ ಚಂದ್ರ. ಎರಡನೆಯದು, ಕಾಲದ ಅಳತೆ. ಪೂರ್ಣ ಸೂರ್ಯಗ್ರಹಣ ಒಂದು ಊರಿನಲ್ಲಿ ಹೆಚ್ಚೆಂದರೆ ಏಳೂವರೆ ನಿಮಿಷ ಇರಬಲ್ಲದು. ಚಂದ್ರಗ್ರಹಣದ ಪೂರ್ಣ ಘಟ್ಟ ಒಂದೂವರೆ ಗಂಟೆಯನ್ನೂ ದಾಟಬಹುದು. ಎರಡನ್ನೂ ಹತ್ತು ಸೆಕೆಂಡಿನ ಅನಿಮೇಷನ್ನಿಗೆ ಅಡಕಿದರೆ ಎರಡೂ ಸಮ ಎಂಬ ಭಾವನೆ ಬರುತ್ತದೆ. ಪ್ರತಿ ಚೌಕಟ್ಟಿನ ಮೂಲೆಯಲ್ಲಿ ಓಡುವ ಗಡಿಯಾರ ಇಡಬೇಕು, ದನಿಯಲ್ಲೂ ಅವಧಿಯನ್ನು ಹೇಳಬೇಕು.

ತಿದ್ದಿದ ಸ್ಕ್ರಿಪ್ಟನ್ನು ಸ್ಟುಡಿಯೋಗೆ ಒಯ್ಯುವ ಮೊದಲು ಪರೀಕ್ಷಿಸುವುದು ಸುಲಭ. ಎರಡು ಚೌಕಟ್ಟುಗಳ ಚಿತ್ರವನ್ನು ಹಾಳೆಯ ಮೇಲೆ ಬರೆದು, ವಿಷಯ ಗೊತ್ತಿಲ್ಲದ ಒಬ್ಬರ ಮುಂದಿಟ್ಟು ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಬೇಕು. ದನಿ ಯಾವ ಚೌಕಟ್ಟಿನದೋ ಅದರ ಮೇಲೆ ಅವರು ಬೆರಳಿಡುತ್ತಾ ಹೋಗಬೇಕು. ಬೆರಳು ತಡವರಿಸಿದ ವಾಕ್ಯದಲ್ಲಿ ವಿಳಾಸ ತಡವಾಗಿ ಬಂದಿರುತ್ತದೆ, ಇಲ್ಲವೇ ಸರ್ವನಾಮವೊಂದು ಚೌಕಟ್ಟು ದಾಟಿರುತ್ತದೆ. ಬೆರಳು ಎರಡರ ನಡುವೆ ಓಡಾಡಿದರೆ ಒಂದೇ ವಾಕ್ಯದಲ್ಲಿ ಎರಡು ಸರದಿ ಸೇರಿಕೊಂಡಿದೆ ಎಂದರ್ಥ. ರೆಕಾರ್ಡ್ ಮಾಡುವಾಗಲೂ ಪ್ರತಿ ಸರದಿಯನ್ನು ಬೇರೆ ಬೇರೆ ತುಣುಕಾಗಿ ಉಳಿಸಿಕೊಂಡರೆ, ಚಿತ್ರ ಸಿದ್ಧವಾದ ಮೇಲೆ ನಡುವಿನ ಬಿಡುವನ್ನು ಬೇಕಾದಷ್ಟು ಹಿಗ್ಗಿಸಲು, ಕುಗ್ಗಿಸಲು ಅವಕಾಶ ಇರುತ್ತದೆ.