ಲಾಭ ಯಾರಿಗಾಗಿ? ಉತ್ತರ ಕಾರಣದಲ್ಲಿದೆ

‘ಕಂಪನಿಯೊಂದು ಕೂಲಿ ಏರಿಸಿತು. ಇದು ಷೇರುದಾರರ ದೃಷ್ಟಿಯೋ, ಹಿತಾಸಕ್ತರ ದೃಷ್ಟಿಯೋ?’ ವಾಣಿಜ್ಯ ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆ ಬರುತ್ತದೆ. ಷೇರುದಾರರು ಬಂಡವಾಳ ಹಾಕಿದವರು. ಹಿತಾಸಕ್ತರೆಂದರೆ ಅವರ ಜೊತೆಗೆ ಕಾರ್ಮಿಕರು, ಗ್ರಾಹಕರು, ಸರಕು ಪೂರೈಸುವವರು, ಕಾರ್ಖಾನೆಯ ಸುತ್ತಲಿನ ಊರಿನವರೂ ಸೇರಿ. ಕೂಲಿ ಏರಿತೆಂದ ಕೂಡಲೇ ಹಲವರು ಎರಡನೆಯದಕ್ಕೆ ಗುರುತು ಹಾಕಿ ತಪ್ಪುತ್ತಾರೆ.

1914ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿತು. ಆಗ ಕಾರ್ಮಿಕರು ಪದೇ ಪದೇ ಕೆಲಸ ಬಿಡುತ್ತಿದ್ದರು. ಹೊಸಬರಿಗೆ ಕಲಿಸುವುದೇ ದೊಡ್ಡ ಖರ್ಚು. ಆ ಖರ್ಚು ಉಳಿಸಲೆಂದೇ ಕೂಲಿ ಏರಿಸಿದರೆ ಅದು ಷೇರುದಾರರ ದೃಷ್ಟಿ.

1916ರಲ್ಲಿ ಹೆನ್ರಿ ಫೋರ್ಡ್ ಕಾರಿನ ಬೆಲೆಯನ್ನು 440 ಡಾಲರ್‌ನಿಂದ 360ಕ್ಕೆ ಇಳಿಸಿ, ವಿಶೇಷ ಲಾಭಾಂಶ ನಿಲ್ಲಿಸಿದರು. ಶೇ 10ರಷ್ಟು ಷೇರು ಹೊಂದಿದ್ದ ಡಾಡ್ಜ್ ಸಹೋದರರು ಕೋರ್ಟಿಗೆ ಹೋದರು. ‘ಬೆಲೆ ಇಳಿದರೆ ಮಾರಾಟ ಹೆಚ್ಚಿ ನಾಳೆ ಲಾಭ ಬೆಳೆಯುತ್ತದೆ’ ಎಂಬ ವಾದ ಫೋರ್ಡ್‌ಗೆ ಲಭ್ಯವಿತ್ತು. ಅವರು ಒತ್ತಿ ಹೇಳಿದ್ದು ಬೇರೆ: ಕಂಪನಿ ಸಾಕಷ್ಟು ಗಳಿಸಿದೆ, ಇನ್ನು ಜನರಿಗೂ ಅದರ ಪಾಲು ಸಿಗಲಿ. ಇದು ಹಿತಾಸಕ್ತರ ದೃಷ್ಟಿ. 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ಸುಮಾರು 1.9 ಕೋಟಿ ಡಾಲರ್ ಲಾಭಾಂಶ ಹಂಚಲು ಹೇಳಿತು. ಕಾರ್ಖಾನೆಯ ವಿಸ್ತರಣೆಯನ್ನು ಮಾತ್ರ ತಡೆಯಲಿಲ್ಲ.

ಹಾಗಾಗಿ ಪ್ರಶ್ನೆಯಲ್ಲಿ ಕೆಲಸವನ್ನಲ್ಲ, ಕಾರಣವನ್ನು ಹುಡುಕಿ. ಲಾಭ ತಗ್ಗಿದರೂ ಈ ತೀರ್ಮಾನ ನಿಲ್ಲುತ್ತಿತ್ತೇ? ಹೌದಾದರೆ ಹಿತಾಸಕ್ತರ ದೃಷ್ಟಿ. ಕಾರಣವೇ ಕೊಟ್ಟಿಲ್ಲದಿದ್ದರೆ ಪ್ರಶ್ನೆಯೇ ಅಪೂರ್ಣ.

ಭಾರತದ 2013ರ ಕಂಪನಿ ಕಾಯ್ದೆಯ 166ನೇ ಕಲಮು ನಿರ್ದೇಶಕರ ಕರ್ತವ್ಯದಲ್ಲಿ ಷೇರುದಾರರ ಜೊತೆ ನೌಕರರು, ಸಮುದಾಯ, ಪರಿಸರವನ್ನೂ ಹೆಸರಿಸಿದೆ.